ಕೆಸರಿನ ಮೇಲೆ ಏಳು ಬೆರಳು

ನನ್ನ ಮಾತು ಒಂದು ಫೋಟೋದ ಬಗ್ಗೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆರಕ್ಕೆ ನಮ್ಮ ಫ್ಲಾಟಿನ ವಾಟ್ಸಾಪ್ ಗುಂಪಿಗೆ ಬಂದದ್ದು. ನಾವಿರುವುದು ವೇಳಚೇರಿಯಿಂದಾಚೆ, ಪಳ್ಳಿಕರಣೈ ಜೌಗಿನ ಕಡೆಗೆ. ಹಿಂದಿನ ಗೇಟಿನ ಕೆಸರಿನಲ್ಲಿ ದೊಡ್ಡದೊಂದು ಹೆಜ್ಜೆ ಗುರುತು, ಪಕ್ಕದಲ್ಲಿ ವಾಚ್‌ಮನ್ನರ ಚಪ್ಪಲಿ ಕಾಲು. ಕೆಳಗೆ ಯಾರೋ ಬರೆದಿದ್ದರು, "ಚಿರುತ್ತೈ!" ಅಂದರೆ ಚಿರತೆ.

ಏಳು ಗಂಟೆಯ ಹೊತ್ತಿಗೆ ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಕಳಿಸಬೇಕೋ ಬೇಡವೋ ಎಂಬ ಚರ್ಚೆ. ನಸುಕಿನಲ್ಲಿ ಆ ಗೇಟಿನಿಂದಲೇ ಬರುವ ನಮ್ಮ ಕೆಲಸದಾಕೆ ನಾಳೆಯಿಂದ ಬರುವುದಿಲ್ಲ ಅಂದಳು. ಒಬ್ಬರಂತೂ ಮಾಂಸಕ್ಕೆ ವಿಷ ಬೆರೆಸಿ ಇಡೋಣ ಅಂದರು. ಆಗ ನನಗೆ ಸುಮ್ಮನಿರಲು ಆಗಲಿಲ್ಲ.

ನಮ್ಮ ತಂದೆ ಹುಣಸೂರಿನ ಕಡೆ ಅರಣ್ಯ ಇಲಾಖೆಯಲ್ಲಿದ್ದವರು. ಹೆಜ್ಜೆ ನೋಡಿದರೆ ಮೊದಲು ಬೆರಳು ಎಣಿಸು ಅನ್ನುತ್ತಿದ್ದರು. ಫೋಟೋ ದೊಡ್ಡದು ಮಾಡಿ ಎಣಿಸಿದೆ. ಏಳು! ಬೆಕ್ಕು, ಚಿರತೆ, ನಾಯಿ, ನರಿ ಎಲ್ಲಕ್ಕೂ ನೆಲಕ್ಕೆ ಒತ್ತುವುದು ನಾಲ್ಕೇ ಬೆರಳು. ಏಳು ಬೆರಳಿನ ಪ್ರಾಣಿ ಇಲ್ಲ. ಹಾಗಾದರೆ ಇದು ಒಂದು ಹೆಜ್ಜೆಯಲ್ಲ, ಎರಡು. ನಾಲ್ಕು ಕಾಲಿನ ಪ್ರಾಣಿ ನಡೆಯುವಾಗ ಮುಂಗಾಲು ಎತ್ತಿದ ಜಾಗದಲ್ಲೇ ಅದೇ ಬದಿಯ ಹಿಂಗಾಲು ಬಂದು ಕೂರುತ್ತದೆ. ಸ್ವಲ್ಪ ಮುಂದೆ ಕೂತರೆ ಎರಡೂ ಸೇರಿ ಒಂದು ರಾಕ್ಷಸ ಹೆಜ್ಜೆಯಂತೆ ಕಾಣುತ್ತದೆ. ಎಂಟನೆಯ ಬೆರಳು ಇನ್ನೊಂದರ ಅಡಿಯಲ್ಲಿ ಮುಚ್ಚಿಹೋಗಿತ್ತು.

ಚಪ್ಪಲಿಯ ಜೊತೆ ಹೋಲಿಸಿದರೆ ಆ ಗುರುತು ಅದರ ಅರ್ಧದಷ್ಟು, ಸುಮಾರು 12 ಸೆಂಟಿಮೀಟರ್. ಚಿರತೆಯ ಹೆಜ್ಜೆಯೇ ಸಾಮಾನ್ಯವಾಗಿ 7ರಿಂದ 9 ಸೆಂಟಿಮೀಟರ್. ಗಾಬರಿಯಲ್ಲಿ ನಾವು ಚಿರತೆಗೂ ದೊಡ್ಡ ಪ್ರಾಣಿಯನ್ನು ಗೇಟಿಗೆ ತಂದು ನಿಲ್ಲಿಸಿದ್ದೆವು!

ಹತ್ತು ರೂಪಾಯಿ ನಾಣ್ಯ ಹಿಡಿದು ಕೆಳಗೆ ಹೋದೆ. ಅದರ ಅಡ್ಡಳತೆ 27 ಮಿಲಿಮೀಟರ್, ಅಳತೆಪಟ್ಟಿ ಇಲ್ಲದಾಗ ಅದೇ ಸಾಕು. ಓರೆಯಾಗಿ ತೆಗೆದರೆ ಉದ್ದ ಅಗಲ ಕೆಡುತ್ತವೆ, ಆದ್ದರಿಂದ ನಾಣ್ಯ ಪಕ್ಕದಲ್ಲಿಟ್ಟು ನೇರ ಮೇಲಿನಿಂದ ಫೋಟೋ ತೆಗೆದೆ. ಕೆಸರು ತೀರಾ ನೀರಾಗಿದ್ದರೆ ಗುರುತು ಹರಡಿ ದೊಡ್ಡದಾಗುತ್ತದೆ. ಆದ್ದರಿಂದ ಸ್ವಲ್ಪ ಗಟ್ಟಿ ಮಣ್ಣಿನಲ್ಲಿ ಒಂಟಿ ಹೆಜ್ಜೆ ಹುಡುಕಿದೆ. ಸಿಕ್ಕಿತು. ಎರಡು ನಾಣ್ಯಕ್ಕಿಂತ ಸ್ವಲ್ಪ ಹೆಚ್ಚು, ಆರು ಸೆಂಟಿಮೀಟರ್. ನಾಲ್ಕು ಬೆರಳಿನ ಮುಂದೂ ಉಗುರಿನ ಚುಕ್ಕೆ. ಬೆಕ್ಕಿನ ಜಾತಿ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ. ಆದರೆ ಜಾರುವ ಕೆಸರಿನಲ್ಲಿ ಅದೂ ಉಗುರು ಊರಬಹುದು, ಹಾಗಾಗಿ ಉಗುರೊಂದನ್ನೇ ನಂಬಬಾರದು. ಆಕಾರವನ್ನೂ ನೋಡಬೇಕು. ಚಿರತೆಯ ಬೆರಳುಗಳಲ್ಲಿ ನಮ್ಮ ಮಧ್ಯದ ಬೆರಳಿನ ಹಾಗೆ ಒಂದು ಮುಂದೆ ಚಾಚಿರುತ್ತದೆ, ಅಂಗಾಲಿನ ಮೆತ್ತೆಯ ಹಿಂಭಾಗಕ್ಕೆ ಮೂರು ಉಬ್ಬು. ಇಲ್ಲಿ ನಡುವಿನ ಎರಡು ಬೆರಳು ಸಮಸಮ, ಬೆರಳು ಮೆತ್ತೆಗಳ ನಡುವೆ ಕಡ್ಡಿಯಿಂದ ಗುಣಾಕಾರದ ಗುರುತು ಎಳೆಯಬಹುದು. ಅದು ನಾಯಿಯ ಜಾತಿ.

ನರಿ ಇರಬಹುದಲ್ಲ ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆಯೇ, ಗಿಂಡಿ ಉದ್ಯಾನದಲ್ಲಿ ನರಿಗಳಿವೆ. ನರಿಯ ಹೆಜ್ಜೆ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು, ಕಿರಿದು. ಅದು ದಾರಿ ಗೊತ್ತಿರುವವರಂತೆ ನೇರ ಸಾಲಿನಲ್ಲಿ ಹೋಗುತ್ತದೆ. ಇದು ಕಸದ ಡಬ್ಬಿ, ಕಂಬ, ಮತ್ತೆ ಡಬ್ಬಿ ಅಂತ ಸುತ್ತಾಡಿತ್ತು. ಬೀದಿನಾಯಿ.

ಇನ್ನು ಅದು ಏನು ಮಾಡಿತು ಅನ್ನುವುದು. ಡಬ್ಬಿಯ ತನಕ ಜೋಡಿ ಹೆಜ್ಜೆಗಳು, ಅಂತರ ಒಂದೇ ಸಮ: ನಡಿಗೆ. ಆಮೇಲೆ ಥಟ್ಟನೆ ಬದಲಾವಣೆ. ನಾಲ್ಕು ಕಾಲೂ ಒಂದೆಡೆ ಗುಂಪಾಗಿ, ನಂತರ ದೊಡ್ಡ ಖಾಲಿ ಜಾಗ, ಮತ್ತೆ ನಾಲ್ಕರ ಗುಂಪು. ಬೆರಳಿನ ಕಡೆ ಆಳ, ಕೆಸರು ಹಿಂದಕ್ಕೆ ಚಿಮ್ಮಿದೆ. ಓಡಿದೆ. ನಡೆದ ಕೊನೆಯ ಹೆಜ್ಜೆಯ ಮೇಲೆ ಸ್ಕೂಟರ್ ಚಕ್ರದ ಗುರುತು ಹಾಯ್ದಿದೆ, ಅಂದರೆ ಸ್ಕೂಟರ್ ನಂತರ ಬಂದದ್ದು. ಓಡಿದ ಗುರುತುಗಳು ಆ ಚಕ್ರದ ಸಾಲಿನಿಂದ ಪಕ್ಕಕ್ಕೆ ತಿರುಗಿವೆ. ಹೆಜ್ಜೆಗಳಲ್ಲಿ ಮಳೆಹನಿಯ ಗುಳಿಗಳಿಲ್ಲ, ಆದ್ದರಿಂದ ಮಳೆ ನಿಂತ ಮೇಲಿನವು. ಮಳೆ ನಿಂತದ್ದು ಮೂರಕ್ಕೆ, ಹಾಲಿನವನ ಸ್ಕೂಟರ್ ಬಂದದ್ದು ನಾಲ್ಕೂವರೆಗೆ ಅಂತ ವಾಚ್‌ಮನ್ನರೇ ಹೇಳಿದರು.

ಯಾವ ನಾಯಿ ಅಂತ ಕೇಳಿದರೆ ಮಾತ್ರ ನಾನು ಹೇಳಲಾರೆ. ಒಂದೇ ಜಾತಿಯಲ್ಲಿ ಇಂಥದ್ದೇ ಪ್ರಾಣಿ ಅಂತ ಹೆಜ್ಜೆಯಿಂದ ಗುರುತಿಸುವುದು ನಂಬಲಾಗದ ಕೆಲಸ. ಹೆಜ್ಜೆ ನೋಡಿ ಹುಲಿ ಎಣಿಸುತ್ತಿದ್ದ ಹಳೆಯ ಪದ್ಧತಿಯನ್ನು ನಮ್ಮ ಉಲ್ಲಾಸ ಕಾರಂತರು ಪ್ರಶ್ನಿಸಿದ್ದು ಇದಕ್ಕೇ. ನಾಗರಹೊಳೆಯಲ್ಲಿ ಅವರು ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿದರು.

ಒಂಟಿ ಹೆಜ್ಜೆ, ನಾಣ್ಯ, ಓಡಿದ ಸಾಲು, ಮೂರೂ ಫೋಟೋ ಗುಂಪಿಗೆ ಹಾಕಿದೆ. ವಿಷದ ಮಾತು ಅಲ್ಲಿಗೆ ನಿಂತಿತು. ಕೆಲಸದಾಕೆಯನ್ನು ಗೇಟಿನ ಹತ್ತಿರ ಕರೆದು ತೋರಿಸಿದೆ. ಅವಳು ಬಗ್ಗಿ ತಾನೇ ಬೆರಳು ಎಣಿಸಿ, "ಇದಕ್ಕಾ ಅಮ್ಮಾ ಇಷ್ಟು ಗಲಾಟೆ?" ಅಂದಳು. ಮಾರನೆಯ ದಿನ ಎಂದಿನಂತೆ ಐದೂವರೆಗೆ ಬಂದಳು.