ಮುಳ್ಳು ಹೇಳಿದ್ದು, ಅಂಕಿ ಕೂಡಿದ್ದು

ಗಣಿತದ ಪಠ್ಯಪುಸ್ತಕಗಳಲ್ಲಿ ಎರಡು ಪದಗಳು ಜೋಡಿಯಾಗಿಯೇ ಬರುತ್ತವೆ: ಅವಕಲನ ಮತ್ತು ಅನುಕಲನ. ಬದಲಾಗುತ್ತಿರುವ ಒಂದು ಪರಿಮಾಣವು ಈ ಕ್ಷಣದಲ್ಲಿ ಎಷ್ಟು ತ್ವರಿತವಾಗಿ ಬದಲಾಗುತ್ತಿದೆ ಎಂಬುದನ್ನು ಮೊದಲನೆಯದು ತಿಳಿಸುತ್ತದೆ. ಕ್ಷಣಕ್ಷಣದ ಬದಲಾವಣೆಗಳೆಲ್ಲ ಸೇರಿ ಒಟ್ಟು ಎಷ್ಟಾಯಿತು ಎಂಬುದನ್ನು ಎರಡನೆಯದು ತಿಳಿಸುತ್ತದೆ. ಒಂದು ಇನ್ನೊಂದರ ವಿಲೋಮ ಕ್ರಿಯೆ ಎಂದು ಮೇಷ್ಟರು ಹೇಳುತ್ತಾರೆ. ವಿದ್ಯಾರ್ಥಿ ಅದನ್ನು ಬರೆದುಕೊಳ್ಳುತ್ತಾನೆ. ಅದು ಏಕೆ ಹಾಗೆ ಎಂಬ ಪ್ರಶ್ನೆ ಮಾತ್ರ ಅನೇಕರಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಈ ಪ್ರಶ್ನೆಯ ಸುತ್ತ ಹೆಣೆದ ಒಂದು ಸಣ್ಣ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಥೆಯಲ್ಲಿ ಇಬ್ಬರು ಗೆಳೆಯರು. ಗಣಿತದ ಉಪಾಧ್ಯಾಯನಾದ ನಾನೊಬ್ಬ. ಕನ್ನಡ ಕಲಿಸುವ ನನ್ನ ಸಹಪಾಠಿ ಇನ್ನೊಬ್ಬ. ಹುಬ್ಬಳ್ಳಿಯಿಂದ ಕಲಘಟಗಿಯ ಮಾರ್ಗವಾಗಿ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ, ಚಾಲಕನ ಬೆನ್ನಹಿಂದಿನ ಆಸನ ನಮ್ಮದು. ಗೆಳೆಯನ ಮನಸ್ಸು ನೆಟ್ಟಗಿರಲಿಲ್ಲ. ಪಿ.ಯು.ಸಿ. ಓದುತ್ತಿದ್ದ ಅವನ ಮಗಳು, ಸೂತ್ರ ಬಾಯಿಪಾಠ ಮಾಡುವುದೇ ಗಣಿತವಾದರೆ ಅದನ್ನು ಬಿಟ್ಟುಬಿಡುತ್ತೇನೆಂದು ಪತ್ರ ಬರೆದಿದ್ದಳು. ಬಸ್ಸು ಕಿರವತ್ತಿಯಲ್ಲಿ ನಿಂತಾಗ ಅವನೆಂದ: “ಅಲ್ಲ ಮಾರಾಯಾ, ಅವಳಿಗೆ ನಾನೇನು ಹೇಳಲಿ? ಆ ಎರಡು ಪದಗಳ ಅರ್ಥ ನನಗೇ ತಿಳಿಯದು.”

ನಾನು ಚಾಲಕನ ಮುಂದಿದ್ದ ಗುಂಡನೆಯ ಗಾಜನ್ನು ತೋರಿಸಿದೆ. ಅದರೊಳಗೆ ಅಲುಗಾಡುವ ಮುಳ್ಳೊಂದು, ಅದು ವೇಗಮಾಪಕ. ಅದರ ಕೆಳಗಿನ ಪುಟ್ಟ ಕಿಂಡಿಯಲ್ಲಿ ಅಂಕಿಗಳ ಸಾಲು, ಅದು ದೂರಮಾಪಕ. ಇಂದಿನ ವಾಹನಗಳಲ್ಲಿ ಈ ಕೆಲಸವನ್ನು ವಿದ್ಯುತ್ ಉಪಕರಣಗಳು ಮಾಡುತ್ತವೆ. ನಮ್ಮ ಕಥೆಯ ಬಸ್ಸು ಹಳೆಯದು. ಅದರಲ್ಲಿ ಗೇರುಪೆಟ್ಟಿಗೆಯಿಂದ ಬಂದ ಒಂದೇ ಕೇಬಲ್ ಎರಡನ್ನೂ ನಡೆಸುತ್ತದೆ. ಚಕ್ರ ಉರುಳಿದಂತೆ ಕೇಬಲ್ ತಿರುಗುತ್ತದೆ. ಅದರ ತುದಿಯ ಅಯಸ್ಕಾಂತವು ಅಲ್ಯೂಮಿನಿಯಮ್ ಬಟ್ಟಲೊಂದರ ಬಳಿ ಸುತ್ತುತ್ತದೆ. ಅಯಸ್ಕಾಂತ ಮುಟ್ಟದೆಯೇ ಬಟ್ಟಲನ್ನು ಸೆಳೆಯುತ್ತದೆ. ಕೂದಲೆಳೆಯಂಥ ಸುರುಳಿ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ವೇಗ ಹೆಚ್ಚಿದಷ್ಟೂ ಸೆಳೆತ ಹೆಚ್ಚು, ಮುಳ್ಳು ಮೇಲಕ್ಕೆ. ಅದೇ ಕೇಬಲ್ಲಿಗೆ ಹಲ್ಲುಗಾಲಿಗಳ ಮೂಲಕ ಸೇರಿದ ಅಂಕಿಯ ಉರುಳೆಗಳಾದರೋ ಸುತ್ತುಗಳನ್ನು ಎಣಿಸುತ್ತವೆ, ಅಷ್ಟೇ. ಒಂದು ‘ಎಷ್ಟು ಬೇಗ’ ಎನ್ನುತ್ತದೆ, ಇನ್ನೊಂದು ‘ಎಷ್ಟು’ ಎನ್ನುತ್ತದೆ.

“ಆದರೆ ಕ್ಷಣವೊಂದರಲ್ಲಿ ಬಸ್ಸು ಚಲಿಸುವ ದೂರ ಸೊನ್ನೆ, ಕಳೆದ ಕಾಲವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ವೇಗ ಹೇಳುವುದೆಂತು?” ಎಂದು ಗೆಳೆಯ ತಡೆದ. ಅವನು ಹಿಡಿದದ್ದು ವಿಷಯದ ಮರ್ಮವನ್ನೇ. ಅವನ ಚೀಲದಲ್ಲಿದ್ದ ಲಗ್ನಪತ್ರಿಕೆಯ ಬೆನ್ನಿಗೆ ನಾನು ಲೆಕ್ಕ ಬರೆದೆ. ನಿಲ್ದಾಣದಿಂದ ಹೊರಟ ಬಸ್ಸು ಮೊದಲ ಹತ್ತಾರು ಸೆಕೆಂಡು, ಸೆಕೆಂಡುಗಳ ವರ್ಗದ ಕಾಲುಭಾಗದಷ್ಟು ಮೀಟರು ಸಾಗುತ್ತದೆಂದು ಭಾವಿಸೋಣ. ಹತ್ತನೆಯ ಸೆಕೆಂಡಿಗೆ 25 ಮೀಟರು, ಹನ್ನೆರಡನೆಯದಕ್ಕೆ 36 ಮೀಟರು. ಆ ಎರಡು ಸೆಕೆಂಡುಗಳ ಸರಾಸರಿ ವೇಗ ಸೆಕೆಂಡಿಗೆ 5.5 ಮೀಟರು. ಹತ್ತರಿಂದ ಹನ್ನೊಂದರವರೆಗೆ ಮಾತ್ರ ನೋಡಿದರೆ 5.25. ಸೆಕೆಂಡಿನ ಹತ್ತನೇ ಒಂದು ಭಾಗವನ್ನಷ್ಟೇ ನೋಡಿದರೆ 5.025. ಅವಧಿ ಕಿರಿದಾದಂತೆಲ್ಲ ಭಾಗಲಬ್ಧ 5ನ್ನು ಸಮೀಪಿಸುತ್ತದೆ. ಬೇರೆ ಯಾವ ಸಂಖ್ಯೆಯ ಬಳಿಯೂ ನೆಲೆಗೊಳ್ಳುವುದಿಲ್ಲ. ನಾವು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲೇ ಇಲ್ಲ. ಭಾಗಲಬ್ಧಗಳು ಯಾವುದರತ್ತ ಸಾಗುತ್ತಿವೆಯೋ ಆ ಸಂಖ್ಯೆಯನ್ನು ಹತ್ತನೆಯ ಸೆಕೆಂಡಿನ ವೇಗವೆಂದು ಕರೆದೆವು. ಸೆಕೆಂಡಿಗೆ 5 ಮೀಟರೆಂದರೆ ಗಂಟೆಗೆ 18 ಕಿಲೋಮೀಟರು. ಅಂಕಿಯಿಂದ ಮುಳ್ಳಿಗೆ ಹೋಗುವ ಈ ದಾರಿಯೇ ಅವಕಲನ.

ಇನ್ನು ಮುಳ್ಳಿನಿಂದ ಅಂಕಿಗೆ. ಕಿರವತ್ತಿಯಿಂದ ಬಸ್ಸು ಹೊರಡುವಾಗ ದೂರಮಾಪಕ ತೋರಿಸುತ್ತಿದ್ದುದು 48,215.0. ನಾನು ಕೈಗಡಿಯಾರ ನೋಡಿ ಪ್ರತಿ ನಿಮಿಷದ ನಡುವೆ ‘ಈಗ’ ಎನ್ನುವುದು, ಅವನು ಮುಳ್ಳಿನ ಅಂಕಿ ಬರೆಯುವುದು. ತೇಗದ ಕಾಡಿನ ನಡುವೆ ಆರು ನಿಮಿಷ ಹೀಗೆ ನಡೆಯಿತು: 18, 36, 48, 42, 24, 36. ಗಂಟೆಗೆ 18 ಕಿಲೋಮೀಟರಿನಂತೆ ಒಂದು ನಿಮಿಷ ಹೋದರೆ 0.3 ಕಿಲೋಮೀಟರು. ಉಳಿದವು ಕ್ರಮವಾಗಿ 0.6, 0.8, 0.7, 0.4, 0.6. ಎಲ್ಲ ಕೂಡಿದರೆ 3.4. ಆದರೆ ಕಿಂಡಿಯಲ್ಲಿ ಆಗ 48,218.5 ಇತ್ತು, ಎಂದರೆ 3.5.

“ಹತ್ತನೇ ಒಂದು ಭಾಗ ಎಲ್ಲಿ ಹೋಯಿತು?” ಎಂದ ಗೆಳೆಯ. ನಿಮಿಷದಲ್ಲಿ ಒಮ್ಮೆ ಮಾತ್ರ ಕಣ್ಣಿಟ್ಟು, ಮುಳ್ಳು ಇಡೀ ನಿಮಿಷ ಅಲ್ಲೇ ನಿಂತಿತ್ತೆಂದು ನಾವು ಎಣಿಸಿದ್ದೆವು. ನಡುವೆ ಅದು ಏರಿದ್ದೂ ಇಳಿದದ್ದೂ ನಮ್ಮ ಲೆಕ್ಕಕ್ಕೆ ಬರಲಿಲ್ಲ. ಅರ್ಧ ನಿಮಿಷಕ್ಕೊಮ್ಮೆ, ಐದು ಸೆಕೆಂಡಿಗೊಮ್ಮೆ ಬರೆಯುತ್ತ ಹೋದರೆ ಈ ಅಂತರ ಕರಗುತ್ತ ಬರುತ್ತದೆ. ಕೂಡುವ ತುಣುಕುಗಳು ಎಷ್ಟು ಬೇಕಾದರೂ ಕಿರಿದಾದಾಗ ಮೊತ್ತವು ಸಮೀಪಿಸುವ ಸಂಖ್ಯೆಯೇ ಅನುಕಲನ. ಉರುಳೆಗಳು ಈ ಕೂಡಿಕೆಯನ್ನು ಎಡೆಬಿಡದೆ ಮಾಡುತ್ತಿರುತ್ತವೆ. ಎರಡೂ ಉಪಕರಣಗಳು ಒಂದೇ ಕೇಬಲ್ಲಿನ ತಿರುಗುವಿಕೆಯನ್ನೇ ಓದುತ್ತಿರುವುದರಿಂದ, ಒಂದರಿಂದ ಹೊರಟು ಇನ್ನೊಂದನ್ನು ಸೇರಬಹುದು. ವಿಲೋಮವೆಂದರೆ ಇದೇ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಹಾಗಾದರೆ ಮುಳ್ಳಿನ ಪಟ್ಟಿಯಷ್ಟೇ ನನ್ನ ಬಳಿ ಇದ್ದರೆ, 48,218.5 ಎಂಬುದನ್ನು ಹೇಳಬಲ್ಲೆನೇ?” ಹೇಳಲಾಗದು. 3.5 ಕೂಡಿತೆಂದು ಹೇಳಬಹುದು. ಎಷ್ಟಕ್ಕೆ ಕೂಡಿತೆಂಬುದು ಮುಳ್ಳಿಗೆ ಗೊತ್ತಿಲ್ಲ. ಹೊಸ ಬಸ್ಸೂ ಹಳೆಯ ಬಸ್ಸೂ ಅದೇ ವೇಗಗಳಲ್ಲಿ ಅದೇ ದಾರಿ ನಡೆದರೆ ಎರಡರ ಪಟ್ಟಿಯೂ ಒಂದೇ, ಅಂಕಿಗಳು ಮಾತ್ರ ಬೇರೆ. ಅನುಕಲನದ ಕೊನೆಯಲ್ಲಿ ವಿದ್ಯಾರ್ಥಿಗಳು ಮರೆತು ಅಂಕ ಕಳೆದುಕೊಳ್ಳುವ ಆ ಸ್ಥಿರಾಂಕವಿದೆಯಲ್ಲ, ಅದು ಕಿರವತ್ತಿಯಲ್ಲಿ ಓದಿಕೊಂಡ 48,215.0.

ಅವನ ಮುಂದಿನ ಸಂಶಯ ಇನ್ನೂ ಹರಿತವಾಗಿತ್ತು. “ಮುಳ್ಳು, ಅಂಕಿ ಎರಡೂ ಹೊಂದಿಕೊಂಡರೆ ಎರಡೂ ನಿಜವೆಂದು ನಂಬಬಹುದೇ?” ನಂಬಲಾಗದು. ಟಾಯರು ಸವೆದರೆ ಚಕ್ರದ ಸುತ್ತಳತೆ ಕಿರಿದಾಗುತ್ತದೆ. ಅಷ್ಟೇ ದಾರಿಗೆ ಅದು ಹೆಚ್ಚು ಸುತ್ತು ಹಾಕುತ್ತದೆ. ಆಗ ಮುಳ್ಳು ಹೆಚ್ಚು ವೇಗವನ್ನೂ, ಅಂಕಿ ಹೆಚ್ಚು ದೂರವನ್ನೂ ತೋರಿಸುತ್ತವೆ, ಎರಡೂ ಒಂದೇ ಪ್ರಮಾಣದಲ್ಲಿ. ಅವುಗಳ ಪರಸ್ಪರ ಸಂಬಂಧ ಕೆಡುವುದಿಲ್ಲ. ನೆಲದೊಡನೆ ಇರುವ ಸಂಬಂಧ ಕೆಡುತ್ತದೆ. ಅದನ್ನು ಪರೀಕ್ಷಿಸಲು ಬಸ್ಸಿನ ಹೊರಗೆ ನೋಡಬೇಕು, ರಸ್ತೆಬದಿಯ ಕಿಲೋಮೀಟರು ಕಲ್ಲುಗಳನ್ನು ಎಣಿಸಬೇಕು. ಯಲ್ಲಾಪುರ ಬರುವವರೆಗೆ ಗೆಳೆಯ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಲಗ್ನಪತ್ರಿಕೆಯನ್ನು ಮಗಳಿಗೆ ಕೊಡಲೆಂದು ಅವನು ಜೋಪಾನವಾಗಿ ಮಡಿಸಿಟ್ಟ. ಕಥೆ ಇಲ್ಲಿಗೆ ಮುಗಿಯಿತು.

ಈ ವಿಚಾರದ ಬೇರು ನಮ್ಮ ನಾಡಿನಲ್ಲಿಯೂ ಇದೆ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ದಿನದ ಸರಾಸರಿ ಗತಿಯಿಂದ ಚಂದ್ರನ ಸ್ಥಾನವನ್ನು ಸೂಕ್ಷ್ಮವಾಗಿ ತಿಳಿಯಲಾಗದು, ಏಕೆಂದರೆ ಅವನ ಗತಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆ ಕ್ಷಣದ ಗತಿಯನ್ನು ಅವರು ತಾತ್ಕಾಲಿಕ ಗತಿಯೆಂದು ಕರೆದರು. ಗೋಲದ ಮೇಲ್ಮೈಯನ್ನು ಕಿರಿದಾದ ಪಟ್ಟಿಗಳಾಗಿ ಸೀಳಿ, ಅವನ್ನು ಕೂಡಿ ಅಳೆದವರೂ ಅವರೇ. ಮುಳ್ಳಿನ ಮಾತೂ ಅಂಕಿಯ ಮಾತೂ ಅವರಿಗೆ ಕೇಳಿಸಿದ್ದವು. ಎರಡನ್ನೂ ನಡೆಸುವುದು ಒಂದೇ ಕೇಬಲ್ ಎಂಬ ಸಾಮಾನ್ಯ ಸಿದ್ಧಾಂತ ಸ್ಪಷ್ಟ ರೂಪ ತಳೆದದ್ದು ಹದಿನೇಳನೆಯ ಶತಮಾನದ ಯುರೋಪಿನಲ್ಲಿ, ನ್ಯೂಟನ್ ಮತ್ತು ಲೈಬ್‌ನಿಟ್ಸರ ಕೈಯಲ್ಲಿ.