ಬ್ರಷ್ ಬಿಟ್ಟು ಬಂದ ಎರಡು ಮೋಟಾರುಗಳು

ಮನೆಯ ಮಿಕ್ಸಿಯನ್ನು ರಿಪೇರಿಗೆ ಒಯ್ದವರಿಗೆ ‘ಕಾರ್ಬನ್ ಬ್ರಷ್ ಸವೆದಿದೆ’ ಎಂಬ ಮಾತು ಹೊಸದಲ್ಲ. ಮಿಕ್ಸಿ ತಿರುಗುವಾಗ ಒಳಗೆ ನೀಲಿ ಕಿಡಿ ಹಾರುವುದು ಈ ಬ್ರಷ್ಷಿನ ತುದಿಯಲ್ಲಿ. ತಿರುಗುವ ಸುರುಳಿಗೆ ಕರೆಂಟು ಮುಟ್ಟಿಸುವುದು ಅದರ ಒಂದು ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಸುರುಳಿ ಸ್ವಲ್ಪ ತಿರುಗಿದ ಕೂಡಲೇ ಕರೆಂಟನ್ನು ಮುಂದಿನ ಸುರುಳಿಗೆ ಬದಲಾಯಿಸಬೇಕು, ಇಲ್ಲವಾದರೆ ಅಯಸ್ಕಾಂತಗಳು ಒಂದನ್ನೊಂದು ಸೆಳೆದು ಅಲ್ಲೇ ನಿಂತುಬಿಡುತ್ತವೆ. ತಾಮ್ರದ ಪಟ್ಟಿಗಳ ಕಮ್ಯುಟೇಟರ್ ಮತ್ತು ಅದರ ಮೇಲೆ ಒತ್ತಿ ಕೂತ ಬ್ರಷ್ ಸೇರಿ ಈ ಬದಲಾವಣೆ ಮಾಡುತ್ತವೆ. ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1832ರಲ್ಲಿ ಕಮ್ಯುಟೇಟರ್ ಇರುವ ಮೋಟಾರು ಮಾಡಿದ. ಅಮೆರಿಕದ ವರ್ಮಾಂಟಿನ ಕಮ್ಮಾರ ಥಾಮಸ್ ಡ್ಯಾವೆನ್‌ಪೋರ್ಟ್ 1837ರಲ್ಲಿ ವಿದ್ಯುತ್ ಮೋಟಾರಿಗೆ ಪೇಟೆಂಟ್ ಪಡೆದ. ಕರೆಂಟು ಬದಲಾಯಿಸುವ ಆ ಹಳೆಯ ಉಪಾಯ ಇಂದಿಗೂ ನಮ್ಮ ಅಡುಗೆಮನೆಯಲ್ಲಿದೆ.

ಇವತ್ತು ನಾನು ಹೇಳಹೊರಟಿರುವುದು ಆ ಬ್ರಷ್ಷನ್ನು ಬಿಟ್ಟು ಬಂದ ಎರಡು ಮೋಟಾರುಗಳ ಕಥೆ. ಒಂದು ಸ್ಟೆಪ್ಪರ್, ಇನ್ನೊಂದು ಬ್ರಷ್‌ಲೆಸ್ ಡಿಸಿ, ಅಂದರೆ ಅಂಗಡಿಯವರು ಬಿಎಲ್‌ಡಿಸಿ ಎನ್ನುವುದು. ಎರಡರಲ್ಲೂ ಸುರುಳಿಗಳು ಅಲುಗಾಡದೆ ಇರುತ್ತವೆ, ತಿರುಗುವ ಭಾಗಕ್ಕೆ ತಂತಿಯೇ ಹೋಗುವುದಿಲ್ಲ. ಎರಡರಲ್ಲೂ ಕರೆಂಟು ಬದಲಾಯಿಸುವುದು ಹೊರಗಿನ ಸ್ವಿಚ್ಚು. ವ್ಯತ್ಯಾಸ ಒಂದೇ: ಯಾವಾಗ ಬದಲಾಯಿಸಬೇಕೆಂದು ತೀರ್ಮಾನಿಸುವವರು ಯಾರು?

ಸ್ಟೆಪ್ಪರಿನಲ್ಲಿ ಆ ತೀರ್ಮಾನ ಹೊರಗಿನದು. ರೋಟರ್ ಎಲ್ಲಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಒಂದು ಸುರುಳಿಗೆ ಕರೆಂಟು ಕೊಟ್ಟರೆ ರೋಟರ್ ಬಂದು ಅದರೆದುರು ನಿಲ್ಲುತ್ತದೆ. ಮುಂದಿನದಕ್ಕೆ ಕೊಟ್ಟರೆ ಅಷ್ಟೇ ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಇದು ಮೊದಲು ಬಳಕೆಗೆ ಬಂದ ಕಡೆಗಳಲ್ಲಿ ಬ್ರಿಟಿಷ್ ಯುದ್ಧನೌಕೆಗಳೂ ಸೇರಿವೆ. ತೋಪು ಮತ್ತು ಟಾರ್ಪಿಡೊ ಕೊಳವೆ ಯಾವ ದಿಕ್ಕಿಗೆ ತಿರುಗಬೇಕೆಂಬುದನ್ನು ಹಡಗಿನ ಒಂದು ಕಡೆಯಿಂದ ಇನ್ನೊಂದು ಕಡೆಯ ಸೂಚಕಕ್ಕೆ ತಿಳಿಸಬೇಕಿತ್ತು. ಒಂದು ಕಡೆ ಹಿಡಿಕೆ ತಿರುಗಿಸಿದರೆ ಯಾಂತ್ರಿಕ ಸ್ವಿಚ್ಚು ಪಲ್ಸ್ ಕಳಿಸುತ್ತಿತ್ತು, ಇನ್ನೊಂದು ಕಡೆ ಮೋಟಾರು ಪಲ್ಸಿಗೆ 15 ಡಿಗ್ರಿಯಂತೆ ಹೆಜ್ಜೆ ಹಾಕುತ್ತಿತ್ತು. 1920ರ ದಶಕದಲ್ಲೇ ಇದರ ವಿವರ ಬ್ರಿಟನ್ನಿನ ಎಂಜಿನಿಯರುಗಳ ಪತ್ರಿಕೆಯಲ್ಲಿ ಅಚ್ಚಾಗಿದೆ.

15 ಡಿಗ್ರಿ ಬಹಳ ದೊಡ್ಡ ಹೆಜ್ಜೆ. ಅದನ್ನು ಸಣ್ಣದು ಮಾಡಿದ ಮುಖ್ಯ ವಿನ್ಯಾಸಕ್ಕೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಫೈರ್‌ಟಾಗ್ ಮತ್ತು ಡೊನಾಹೋ ಅವರಿಗೆ 1952ರಲ್ಲಿ ಪೇಟೆಂಟ್ ಸಿಕ್ಕಿತು. ವಿಶೇಷವೆಂದರೆ, ಅವರು ಸ್ಟೆಪ್ಪರ್ ಮಾಡಲು ಹೊರಟಿರಲೇ ಇಲ್ಲ. ಗೇರು ಇಲ್ಲದೆ ನೇರ ಎಸಿ ಕರೆಂಟಿನಲ್ಲೇ ನಿಧಾನವಾಗಿ, ನಿಮಿಷಕ್ಕೆ 72 ಸುತ್ತು ತಿರುಗುವ ಮೋಟಾರು ಅವರಿಗೆ ಬೇಕಿತ್ತು. ಎಸಿಯ ಬದಲು ಬಿಡಿ ಪಲ್ಸ್ ಕೊಟ್ಟಾಗ ಅದೇ ಮೋಟಾರು ಸುತ್ತಿಗೆ 200 ಹೆಜ್ಜೆ ಇಡುವ ಯಂತ್ರವಾಯಿತು. ಇಂದು ಹೈಬ್ರಿಡ್ ಸ್ಟೆಪ್ಪರ್ ಎಂದು ಮಾರುವುದು ಬಹುಪಾಲು ಇದೇ ವಿನ್ಯಾಸ.

ಇದನ್ನು ಬಿಚ್ಚಿ ನೋಡಿದರೆ ರೋಟರಿನಲ್ಲಿ 50 ಹಲ್ಲುಗಳ ಎರಡು ಕಬ್ಬಿಣದ ಚಕ್ರಗಳಿರುತ್ತವೆ, ನಡುವೆ ಅಯಸ್ಕಾಂತ. ಒಂದು ಚಕ್ರದ ಹಲ್ಲು ಇನ್ನೊಂದರ ಸಂದಿಗೆ ಸರಿಯಾಗಿ ಬರುವಂತೆ ಅರ್ಧ ಹಲ್ಲಿನಷ್ಟು ಜರುಗಿಸಿ ಕೂರಿಸಿರುತ್ತಾರೆ. ಹೊರಗಿನ ಸ್ಟೇಟರಿಗೂ ಹಲ್ಲುಗಳಿವೆ, ಆದರೆ ಎಲ್ಲವೂ ಏಕಕಾಲಕ್ಕೆ ರೋಟರಿನ ಹಲ್ಲಿಗೆ ಎದುರಾಗುವುದಿಲ್ಲ. ಎರಡು ಗುಂಪು ಸುರುಳಿಗಳಿಗೆ ಸರದಿಯಂತೆ ಕರೆಂಟು ಕೊಡುತ್ತಾ, ದಿಕ್ಕು ಬದಲಿಸುತ್ತಾ ಹೋದರೆ ನಾಲ್ಕು ಹೆಜ್ಜೆಗೆ ರೋಟರ್ ಒಂದು ಹಲ್ಲಿನಷ್ಟು ಮುಂದೆ ಹೋಗುತ್ತದೆ. 50 ಹಲ್ಲಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಗುಜರಿಗೆ ಬಂದ ಪ್ರಿಂಟರಿನಿಂದ ಇಂಥದೊಂದನ್ನು ಬಿಚ್ಚಿಕೊಂಡರೆ, ಕರೆಂಟು ಇಲ್ಲದೆಯೂ ಶಾಫ್ಟನ್ನು ಬೆರಳಿನಿಂದ ತಿರುಗಿಸುವಾಗ ಟಕಟಕ ಎಂದು ತಡೆಯುವುದು ತಿಳಿಯುತ್ತದೆ. ಒಂದೇ ಸುರುಳಿಯ ಎರಡು ತಂತಿ ಸೇರಿಸಿ ಹಿಡಿದು ತಿರುಗಿಸಿದರೆ ಇನ್ನೂ ಬಿಗಿ ಎನಿಸುತ್ತದೆ. ಮೀಟರ್ ಇಲ್ಲದೆ ಜೋಡಿ ತಂತಿ ಗುರುತಿಸಲು ಮೆಕ್ಯಾನಿಕ್‌ಗಳು ಬಳಸುವ ಉಪಾಯ ಇದೇ.

ಬಿಎಲ್‌ಡಿಸಿ ಬಂದದ್ದು ಬೇರೆ ದಾರಿಯಿಂದ. ಅಲ್ಲಿ ಸ್ವಿಚ್ಚು ಬದಲಾಯಿಸುವ ತೀರ್ಮಾನವನ್ನು ರೋಟರಿಗೇ ಬಿಡಬೇಕು, ಮಿಕ್ಸಿಯ ಹಾಗೆಯೇ, ಆದರೆ ಒರೆಸುವ ಬ್ರಷ್ ಇರಬಾರದು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಎತ್ತರಕ್ಕೆ ಏರಿದಾಗ ಅಲ್ಲಿನ ಒಣಗಾಳಿಯಲ್ಲಿ ಕಾರ್ಬನ್ ಬ್ರಷ್ಷುಗಳು ಬಲುಬೇಗ ಪುಡಿಯಾಗುತ್ತಿದ್ದವು. ಕಾರ್ಬನ್ನು ನುಣುಪಾಗಿ ಜಾರಲು ಗಾಳಿಯ ತೇವ ಬೇಕೆಂದು ಆಗ ಚೆನ್ನಾಗಿ ಗೊತ್ತಾಯಿತು. ಆದರೆ ಬದಲಿ ಸ್ವಿಚ್ಚು ಕೈಗೆ ಬಂದದ್ದು ಟ್ರಾನ್ಸಿಸ್ಟರ್ ಯುಗದಲ್ಲಿ. 1962ರಲ್ಲಿ ವಿಲ್ಸನ್ ಮತ್ತು ಟ್ರಿಕಿ ಎಂಬ ಅಮೆರಿಕದ ಎಂಜಿನಿಯರುಗಳು ಕಮ್ಯುಟೇಟರಿನ ಕೆಲಸವನ್ನು ಅರೆವಾಹಕ ಸ್ವಿಚ್ಚುಗಳಿಗೆ ವಹಿಸಿದ ಡಿಸಿ ಯಂತ್ರದ ಬಗ್ಗೆ ಪ್ರಬಂಧ ಮಂಡಿಸಿದರು. ಆಮೇಲೆ ಸಮೇರಿಯಂ ಕೋಬಾಲ್ಟ್, 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತಗಳು ಬಂದು ಸಣ್ಣ ಗಾತ್ರದಲ್ಲೇ ದೊಡ್ಡ ಬಲ ಸಿಗುವಂತಾಯಿತು.

ಒಳಗಿನ ವ್ಯವಸ್ಥೆ ಹೀಗಿದೆ. ಸ್ಟೇಟರಿನಲ್ಲಿ ಮೂರು ಸುರುಳಿಗಳು, ರೋಟರಿನಲ್ಲಿ ಅಯಸ್ಕಾಂತ. ಮೂರು ಹಾಲ್ ಸೆನ್ಸರುಗಳು ಅಯಸ್ಕಾಂತದ ಯಾವ ತುದಿ ಎಲ್ಲಿದೆ ಎಂದು ಹೇಳುತ್ತವೆ. ಅದನ್ನು ನೋಡಿಕೊಂಡು ಆರು ಟ್ರಾನ್ಸಿಸ್ಟರುಗಳು ಎರಡೆರಡು ಸುರುಳಿಗೆ ಕರೆಂಟು ಹಾಯಿಸುತ್ತವೆ. ಸುರುಳಿಯ ಸೆಳೆತ ಯಾವಾಗಲೂ ರೋಟರಿಗಿಂತ ಸುಮಾರು ಕಾಲು ಆವರ್ತದಷ್ಟು ಮುಂದೆಯೇ ಇರಬೇಕು. ಅಲ್ಲಿ ತಿರುಗಿಸುವ ಬಲ ಅತಿ ಹೆಚ್ಚು. ಹೊರೆ ಹಗುರವಾದರೆ ಇದು ಕಡಿಮೆ ಕರೆಂಟು ಎಳೆಯುತ್ತದೆ, ಹೆಚ್ಚಾದರೆ ಹೆಚ್ಚು. ಸ್ಟೆಪ್ಪರಿಗೆ ಈ ಗುಣವಿಲ್ಲ. ಹೊರೆ ಇರಲಿ ಬಿಡಲಿ, ತಿರುಗಲಿ ನಿಲ್ಲಲಿ, ಡ್ರೈವರ್ ನಿಗದಿಪಡಿಸಿದಷ್ಟು ಕರೆಂಟು ಹರಿಯುತ್ತಲೇ ಇರುತ್ತದೆ. ಒಂದೂವರೆ ಓಮಿನ ಎರಡು ಸುರುಳಿಗಳಲ್ಲಿ ಒಂದೂವರೆ ಆಂಪಿಯರ್ ಹರಿದರೆ, ಸುಮ್ಮನೆ ನಿಂತಿದ್ದರೂ ಸುಮಾರು 7 ವ್ಯಾಟ್ ಶಾಖವಾಗಿ ಹೋಗುತ್ತದೆ. ನಿಂತ ಸ್ಟೆಪ್ಪರ್ ಕೈ ಸುಡುವಷ್ಟು ಬಿಸಿಯಾಗಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ.

ಈ ಎರಡು ಮೋಟಾರುಗಳು ತಮಗೆ ತಕ್ಕ ಜಾಗ ಹಂಚಿಕೊಂಡದ್ದನ್ನು ನೋಡಲು ಫ್ಲಾಪಿ ಡ್ರೈವಿಗಿಂತ ಒಳ್ಳೆಯ ಪೆಟ್ಟಿಗೆ ಇಲ್ಲ. ಮೂರೂವರೆ ಇಂಚಿನ ಡ್ರೈವಿನಲ್ಲಿ ಡಿಸ್ಕನ್ನು ನಿಮಿಷಕ್ಕೆ 300 ಸುತ್ತಿನಂತೆ ಒಂದೇ ಸಮನೆ ತಿರುಗಿಸಲು ಚಪ್ಪಟೆಯ ಬಿಎಲ್‌ಡಿಸಿ. ಓದುವ ಹೆಡ್ಡನ್ನು 80 ಟ್ರ್ಯಾಕುಗಳ ನಡುವೆ ಸರಿಸಿ ನಿಲ್ಲಿಸಲು ಸ್ಟೆಪ್ಪರ್. ಹೆಡ್ಡು ಹಗುರ, ಅದರ ಹೊರೆ ಎಂದೂ ಬದಲಾಗದು, ಆದ್ದರಿಂದ ಹೆಜ್ಜೆ ಎಣಿಸಿದರೆ ಸಾಕು. ಎಣಿಕೆ ಶುರುಮಾಡಲು ಮಾತ್ರ ಸೊನ್ನೆಯ ಟ್ರ್ಯಾಕಿನಲ್ಲಿ ಒಂದು ಸೆನ್ಸರ್ ಇಡುತ್ತಿದ್ದರು. 1978ರ ಆಪಲ್ ಡಿಸ್ಕ್ ಟೂ ಡ್ರೈವಿನಲ್ಲಿ ಅದೂ ಇರಲಿಲ್ಲ. ಹೆಡ್ಡನ್ನು ತಡೆಗೆ ಹೋಗಿ ತಾಗುವವರೆಗೆ ಹಿಂದಕ್ಕೆ ತಳ್ಳುತ್ತಿದ್ದರು, ಆ ಗರಗರ ಸದ್ದು ಬಳಸಿದವರಿಗೆ ಮರೆಯದು. ಮೊದಮೊದಲ ಸಣ್ಣ ಹಾರ್ಡ್ ಡಿಸ್ಕುಗಳಲ್ಲೂ ಹೆಡ್ಡಿಗೆ ಸ್ಟೆಪ್ಪರೇ ಇತ್ತು. ಟ್ರ್ಯಾಕುಗಳು ತೀರಾ ಒತ್ತೊತ್ತಾದ ಮೇಲೆ ಬರೀ ಎಣಿಕೆಯನ್ನು ನಂಬಲಾಗದೆ ಅದನ್ನು ಕೈಬಿಟ್ಟರು. ಡಿಸ್ಕು ತಿರುಗಿಸುವ ಬ್ರಷ್‌ಲೆಸ್ ಮೋಟಾರು ಮಾತ್ರ ಅಲ್ಲೇ ಉಳಿಯಿತು.

ಎಣಿಕೆ ತಪ್ಪುವುದು ಹೇಗೆ ಎಂಬುದಕ್ಕೆ ಇಂದಿನ ಉದಾಹರಣೆ ಕೊಡುತ್ತೇನೆ. ಬಾಗಿಲಿಗೆ ಕೆತ್ತನೆ ಮಾಡುವ ಸಿಎನ್‌ಸಿ ರೂಟರ್ ಯಂತ್ರಗಳು ಈಗ ನಮ್ಮ ಊರುಗಳ ಮರಗೆಲಸದ ಅಂಗಡಿಗಳಿಗೂ ಬಂದಿವೆ. ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಸುತ್ತದೆ ಎನ್ನೋಣ. ಸುತ್ತಿಗೆ 200 ಹೆಜ್ಜೆ, ಅಂದರೆ ಮಿಲಿಮೀಟರಿಗೆ 40. ನಿಮಿಷಕ್ಕೆ 3 ಮೀಟರ್ ವೇಗದಲ್ಲಿ ಮೋಟಾರು 600 ಸುತ್ತು ತಿರುಗುತ್ತದೆ, ಸೆಕೆಂಡಿಗೆ 2000 ಪಲ್ಸ್. ಅಷ್ಟು ಬೇಗ ಸುರುಳಿಯಲ್ಲಿ ಕರೆಂಟು ಪೂರ್ತಿ ಏರಲು ಸಮಯ ಸಾಲದೆ ಬಲ ಇಳಿಯುತ್ತದೆ. 3 ವೋಲ್ಟಿನ ಮೋಟಾರಿಗೆ 24 ಅಥವಾ 36 ವೋಲ್ಟಿನ ಡ್ರೈವರ್ ಹಾಕಿ ಕರೆಂಟನ್ನು ಕತ್ತರಿಸಿ ಮಿತಿಯಲ್ಲಿಡುವುದು ಇದಕ್ಕಾಗಿಯೇ. ಆ ವೇಗದಲ್ಲಿ ಉಳಿಗೆ ಮರದ ಗಂಟು ಸಿಕ್ಕಿತೆನ್ನಿ. ರೋಟರ್ ಹಿಂದೆ ಬೀಳುತ್ತದೆ. ಬಿದ್ದರೆ ಒಂದು ಹೆಜ್ಜೆ ಬೀಳುವುದಿಲ್ಲ, ಇಡೀ ಹಲ್ಲು, ಅಂದರೆ ನಾಲ್ಕು ಹೆಜ್ಜೆ. ನಮ್ಮ ಲೆಕ್ಕದಲ್ಲಿ 0.1 ಮಿಲಿಮೀಟರ್. ಕಂಟ್ರೋಲರಿಗೆ ಸುದ್ದಿಯೇ ಇಲ್ಲ, ಅದು ಉಳಿದ ಕೆತ್ತನೆಯನ್ನೆಲ್ಲ ಜರುಗಿದ ಜಾಗದಲ್ಲೇ ಮುಂದುವರಿಸುತ್ತದೆ.

ಕೆಲಸ ಮುಗಿದ ಮೇಲೆ ಯಂತ್ರವನ್ನು ಶುರುವಾದ ಜಾಗಕ್ಕೆ ತಂದು ಡಯಲ್ ಗೇಜ್ ಹಿಡಿದು ನೋಡಿ. ವ್ಯತ್ಯಾಸ 0.1, 0.2, 0.3 ಹೀಗೆ ಹಲ್ಲಿನ ಲೆಕ್ಕದಲ್ಲಿ ಬಂದರೆ ಹೆಜ್ಜೆ ತಪ್ಪಿದೆ. ವೇಗೋತ್ಕರ್ಷ ಇಳಿಸಿ, ಇಲ್ಲವೇ ವೋಲ್ಟೇಜ್ ಸಾಲುತ್ತಿದೆಯೇ ನೋಡಿ. ಲೆಕ್ಕಕ್ಕೆ ಸಿಗದ ಅಂಕಿ ಬಂದರೆ ಮೊದಲು ಕಪ್ಲಿಂಗಿನ ಸ್ಕ್ರೂ ಸಡಿಲವಾಗಿದೆಯೇ ಎಂದು ಪರೀಕ್ಷಿಸಿ.

ಇನ್ನು ಬಿಎಲ್‌ಡಿಸಿಗೆ ಹೇಳಿ ಮಾಡಿಸಿದ ಕೆಲಸ ಸೀಲಿಂಗ್ ಫ್ಯಾನು. ಅದು ಎಲ್ಲಿ ನಿಂತರೇನು, ದಿನವಿಡೀ ತಿರುಗಬೇಕು, ಕಡಿಮೆ ಕರೆಂಟಿನಲ್ಲಿ ತಿರುಗಬೇಕು. ಹಳೆಯ ಇಂಡಕ್ಷನ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುವಲ್ಲಿ ಇದು ಸುಮಾರು 30ರಲ್ಲಿ ಮುಗಿಸುತ್ತದೆ. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಇದರ ಮೋಟಾರು ಸುಲಭಕ್ಕೆ ಸುಡುವುದಿಲ್ಲ, ಹೋಗುವುದು ಹೆಚ್ಚಾಗಿ ಮೇಲಿನ ಸರ್ಕ್ಯೂಟ್ ಬೋರ್ಡು. ಗೋಡೆಯ ಹಳೆಯ ರೆಗ್ಯುಲೇಟರನ್ನು ಇದಕ್ಕೆ ಜೋಡಿಸಬಾರದು.

ಹಲವು ಫ್ಯಾನುಗಳಲ್ಲಿ ಹಾಲ್ ಸೆನ್ಸರ್ ಇರುವುದಿಲ್ಲ. ತಿರುಗುವ ಅಯಸ್ಕಾಂತ ಸುರುಳಿಯಲ್ಲಿ ಹುಟ್ಟಿಸುವ ವೋಲ್ಟೇಜನ್ನೇ ನೋಡಿ ರೋಟರಿನ ಜಾಗ ಅಂದಾಜು ಮಾಡುತ್ತಾರೆ. ನಿಂತ ಫ್ಯಾನಿನಲ್ಲಿ ಆ ವೋಲ್ಟೇಜ್ ಸೊನ್ನೆ. ಹಾಗಾಗಿ ಮೊದಲ ಕೆಲವು ಕ್ಷಣ ಅದನ್ನು ಕುರುಡಾಗಿ, ಸ್ಟೆಪ್ಪರಿನಂತೆಯೇ ಹೆಜ್ಜೆ ಹಾಕಿಸಿ ಎಬ್ಬಿಸಬೇಕು. ಸ್ವಿಚ್ ಹಾಕಿದಾಗ ರೆಕ್ಕೆ ಒಮ್ಮೆ ಹಿಂದಕ್ಕೆ ಅಲುಗಿ ಆಮೇಲೆ ಮುಂದೆ ಹೊರಟರೆ ಗಾಬರಿ ಬೇಡ. ಹೊರಡದೆ ಅಲುಗುತ್ತಲೇ ಇದ್ದರೆ ಮಾತ್ರ ಬೋರ್ಡು ಅಥವಾ ಒಂದು ಸುರುಳಿಯ ಸಂಪರ್ಕ ಹೋಗಿದೆ ಎಂದು ತಿಳಿಯಿರಿ.

ಸ್ಟೆಪ್ಪರೂ ಈಗ ಇತ್ತ ಸರಿದಿದೆ. ಶಾಫ್ಟಿನ ಹಿಂದೆ ಎನ್‌ಕೋಡರ್ ಕೂರಿಸಿದ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ತಾನು ಎಲ್ಲಿದ್ದೇನೆಂದು ಹೇಳುತ್ತದೆ, ಹಿಂದೆ ಬಿದ್ದರೆ ಸರಿಪಡಿಸಿಕೊಳ್ಳುತ್ತದೆ, ಆಗದಿದ್ದರೆ ಯಂತ್ರ ನಿಲ್ಲಿಸುತ್ತದೆ. ಲೇಬಲ್ ಅಂಟಿಸುವ ಯಂತ್ರ, ತ್ರೀಡಿ ಪ್ರಿಂಟರ್, ಒಂದೇ ಹದದ ಹಗುರ ಹೊರೆ ಇರುವ ಕಡೆ ಸಾದಾ ಸ್ಟೆಪ್ಪರ್ ಧಾರಾಳ ಸಾಕು. ಉಳಿಯ ಮುಂದೆ ಗಂಟು ಬರುವ ಮರದ ಕೆಲಸಕ್ಕೆ ಯಂತ್ರ ಕೊಳ್ಳುವವರು ಎನ್‌ಕೋಡರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಹಾಳಾದ ಒಂದು ತೇಗದ ಹಲಗೆಯ ಬೆಲೆ ಆ ಹೆಚ್ಚುವರಿ ಖರ್ಚನ್ನು ಸಮರ್ಥಿಸುತ್ತದೆ.