‘ಕೊಡು’ ಅಲ್ಲ, ‘ಕೊಡಿ’: ಐದು ನಿಮಿಷದ ಬಸ್ ನಾಟಕ

ನಮ್ಮ ಬೀದಿಯ ಬಿಹಾರಿ ಹುಡುಗನೊಬ್ಬ ಅರವತ್ತು ದಾಟಿದ ಅಂಗಡಿಯವರಿಗೆ “ಅರ್ಧ ಲೀಟರ್ ಹಾಲು ಕೊಡು” ಎಂದ. ಅವರು ಕೆರಳಿದರು. ಸೊಕ್ಕು ಹುಡುಗನದಲ್ಲ. ಕೆಲಸದ ಜಾಗದಲ್ಲಿ ಮೇಸ್ತ್ರಿ ದಿನವಿಡೀ ಅವನಿಗೆ “ಬಾ, ಹೋಗು, ಕೊಡು” ಅನ್ನುತ್ತಾನೆ. ಅವನ ಕಿವಿಗೆ ಬಿದ್ದ ಕನ್ನಡವೇ ಅಷ್ಟು! ಬಹುವಚನದ ಪಾಠ ಬೋರ್ಡಿನ ಮೇಲೆ ಬರೆದರೆ ಅವನಿಗೆ ಹತ್ತುವುದಿಲ್ಲ, ಆಡಿಸಬೇಕು.

ನಾಲ್ಕು ಕುರ್ಚಿ ಹಾಕಿ, ಅದೇ ಬಸ್. ನಿಮ್ಮಲ್ಲೊಬ್ಬ ಕಂಡಕ್ಟರ್, ಕಲಿಯುವವನು ಪ್ರಯಾಣಿಕ, ಪಕ್ಕದಲ್ಲಿ ಒಬ್ಬ ಅಜ್ಜ, ಒಬ್ಬ ಪುಟ್ಟ ಹುಡುಗ. ಮಾತುಗಳನ್ನು ಅವನಿಗೆ ಬರುವ ಲಿಪಿಯಲ್ಲೇ ಚೀಟಿಯಲ್ಲಿ ಬರೆದು ಕೊಡಿ. ಮೊದಲ ಸುತ್ತು ಚೀಟಿ ನೋಡಿ, ಎರಡನೆಯದು ನೋಡದೆ. ಕಂಡಕ್ಟರಿಗೆ “ಮೆಜೆಸ್ಟಿಕ್‌ಗೆ ಒಂದು ಟಿಕೆಟ್ ಕೊಡಿ”, ಅಜ್ಜನಿಗೆ “ಬನ್ನಿ, ಕೂತ್ಕೊಳ್ಳಿ”, ಹುಡುಗನಿಗೆ “ಬಾ, ಕೂತ್ಕೋ”. ಒಂದೇ ಮಾತು, ಎದುರಿನ ಮುಖ ಮಾತ್ರ ಬೇರೆ. ತೊಡಕು ‘ಬಾ’ದಲ್ಲಿದೆ. ‘ಕೊಡು’ವಿಗೆ ‘ಕೊಡಿ’ ಬಂದಷ್ಟು ಸಲೀಸಾಗಿ ‘ಬನ್ನಿ’ ಬಾಯಿಗೆ ಬರದು. “ಬಾ ಸಾರ್” ಅಂದರೆ ಪಾಠ ಇನ್ನೂ ಇಳಿದಿಲ್ಲ ಅಂತ ತಿಳಿಯಿರಿ.

ಮೂರನೆಯ ಸುತ್ತಿನಲ್ಲಿ ಕಂಡಕ್ಟರ್ ಚೀಟಿಯಲ್ಲಿಲ್ಲದ ಮಾತು ಎಸೆಯಬೇಕು: “ಚಿಲ್ಲರೆ ಇಲ್ಲ, ಇಳಿಯುವಾಗ ತಗೊಳ್ಳಿ.” ಅವನು ತಬ್ಬಿಬ್ಬಾದರೂ ನೀವು ಹಿಂದಿಗೆ ಹಾರಬೇಡಿ. ನಮ್ಮವರ ಹಳೇ ರೋಗ ಅದು! ನಿಧಾನವಾಗಿ ಕನ್ನಡದಲ್ಲೇ ಮತ್ತೆ ಹೇಳಿ.

ಈಗ ಅಂಕ. ಆಟದಲ್ಲಿರುವವರು ಅಂಕ ಹಾಕಲಾರರು, ಇಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಲಿ. ನನ್ನ ಪ್ರೆಸ್ಸಿನ ಕತ್ತರಿಸಿ ಉಳಿದ ಕಾಗದದಲ್ಲಿ ನಾಲ್ಕೇ ಮನೆ ಹಾಕಿದ್ದೇವೆ: ತಾನಾಗಿ ಬಾಯಿ ತೆರೆದನೇ? ಆಳು ನೋಡಿ ‘ಕೊಡು–ಕೊಡಿ’ ಬದಲಿಸಿದನೇ? ಹೊಸ ಮಾತಿಗೆ ಉತ್ತರಿಸಿದನೇ? ತನ್ನ ಸರದಿ ಇಲ್ಲದಾಗ ಕೇಳಿಸಿಕೊಂಡನೇ? ಪ್ರತಿಯೊಂದಕ್ಕೂ 0, 1 ಅಥವಾ 2. ನಟನೆಗೆ, ಉಚ್ಚಾರಕ್ಕೆ ಅಂಕವಿಲ್ಲ.

ಒಬ್ಬ ತರುಣ ಚೀಟಿಯನ್ನು ಗಟ್ಟಿಯಾಗಿ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ. ಚಿಲ್ಲರೆ ಮಾತು ಬಂದೊಡನೆ ಮೂಕ. ಆಮೇಲೆ ಗೆಳೆಯನ ಜೊತೆ ಹರಟೆ. ಅವನಿಗೆ 2, 1, 0, 0, ಒಟ್ಟು 3. ನಾಚಿಕೆಯ ಹೆಣ್ಣುಮಗಳೊಬ್ಬಳು ತಡವರಿಸಿದಳು, ಆದರೆ “ಏನಂದ್ರಿ? ಇನ್ನೊಂದ್ಸಲ ಹೇಳಿ” ಎಂದು ಕೇಳಿ, ಅರ್ಥವಾದ ಮೇಲೆ “ಆಯ್ತು, ಆಮೇಲೆ ಕೊಡಿ” ಎಂದಳು. ಅವಳಿಗೆ 1, 2, 2, 1, ಒಟ್ಟು 6. ಮತ್ತೆ ಹೇಳಿ ಅನ್ನುವುದು ತಪ್ಪಲ್ಲ, ಅದಕ್ಕೂ ಪೂರ್ತಿ ಅಂಕ. ಬೀದಿಯಲ್ಲಿ ಕೆಲಸಕ್ಕೆ ಬರುವ ಮಾತೇ ಅದು.

ಈ ಅಂಕಗಳನ್ನು ಎಲ್ಲರೆದುರು ಓದಬೇಡಿ. ಅವನ ಕಳೆದ ವಾರದ ಚೀಟಿಯ ಪಕ್ಕದಲ್ಲಿ ಈ ವಾರದ್ದಿಟ್ಟು ಅವನಿಗೊಬ್ಬನಿಗೇ ತೋರಿಸಿ. ಗುಂಪು ದೊಡ್ಡದಾದರೆ ಇಬ್ಬರೇ ಬಾಯಾಳಿಗಳು ಬಸ್ಸನ್ನೆಲ್ಲ ನುಂಗುತ್ತಾರೆ, ಆಗ ಎರಡು ಬಸ್ ಮಾಡಿ. ಬಸ್ಸಿನ ಬೋರ್ಡು ಓದುವುದು ಇದರಿಂದ ಬರುವುದಿಲ್ಲ, ಅದಕ್ಕೆ ಅಕ್ಷರದ ಪಾಠ ಬೇರೆಯೇ ನಡೆಯಬೇಕು.